ಇಂಗ್ಲಿಷ್, ಮರಾಠಿ, ಹಿಂದಿಯಿಂದ ಕನ್ನಡಕ್ಕೆ ಮತ್ತು ಕನ್ನಡದಿಂದ ಇಂಗ್ಲಿಷಿಗೆ ಅನುವಾದ | ಜಮೀನಿನ ಕಾಗದಪತ್ರ, ಆರೋಗ್ಯ, ಕೃಷಿ | ಹೇಳಿದ ದಿನಕ್ಕೆ ಕೈಗೆ

ನಮಸ್ಕಾರ. ನಾನು ಬೆಳಗಾವಿಯಲ್ಲಿದ್ದೇನೆ. 2013ರಿಂದ ಅನುವಾದವೇ ನನ್ನ ಪೂರ್ತಿ ಸಮಯದ ಕೆಲಸ. ಮನೆಮಾತು ಕನ್ನಡ. ಓಣಿಯಲ್ಲಿ, ಸಂತೆಯಲ್ಲಿ, ಗೆಳೆಯರ ಮನೆಯಲ್ಲಿ ಮರಾಠಿ ಕೇಳುತ್ತಲೇ ಬೆಳೆದವನು. ಓದಿದ್ದು ಕನ್ನಡ ಮಾಧ್ಯಮದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಎಂ.ಎ.

ನಾನು ತೆಗೆದುಕೊಳ್ಳುವ ಭಾಷಾ ಜೋಡಿಗಳು ನಾಲ್ಕೇ:

ಇಂಗ್ಲಿಷ್ → ಕನ್ನಡ
ಮರಾಠಿ → ಕನ್ನಡ
ಹಿಂದಿ → ಕನ್ನಡ
ಕನ್ನಡ → ಇಂಗ್ಲಿಷ್

ಕನ್ನಡದಿಂದ ಮರಾಠಿಗೆ ಅಥವಾ ಹಿಂದಿಗೆ ಮಾಡುವುದಿಲ್ಲ. ಎರಡೂ ಭಾಷೆ ಸಲೀಸಾಗಿ ಓದುತ್ತೇನೆ, ಮಾತಾಡುತ್ತೇನೆ. ಆದರೆ ಸಹಿ ಹಾಕುವ ಕಾಗದವನ್ನು ಆ ಭಾಷೆಯಲ್ಲೇ ಹುಟ್ಟಿ ಬೆಳೆದವರು ಬರೆಯಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆ ಕೆಲಸ ನಿಮಗೆ ಬೇಕಿದ್ದರೆ ಮೊದಲ ಮೆಸೇಜಿನಲ್ಲೇ ಆಗುವುದಿಲ್ಲ ಎಂದು ಹೇಳುತ್ತೇನೆ, ನಿಮ್ಮ ದಿನ ಹಾಳು ಮಾಡುವುದಿಲ್ಲ.

ಜಮೀನು ಮತ್ತು ಆಸ್ತಿ ಕಾಗದಪತ್ರ

ನನ್ನ ಕೆಲಸದ ದೊಡ್ಡ ಪಾಲು ಇದೇ. ಪಹಣಿ, ಮ್ಯುಟೇಶನ್, ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಉಯಿಲು, ಋಣಭಾರ ಪ್ರಮಾಣಪತ್ರ, ವಂಶವೃಕ್ಷ, ಕೋರ್ಟಿನ ದಾವೆ ಮತ್ತು ತೀರ್ಪಿನ ನಕಲು.

ಗಡಿ ಭಾಗದ ಕುಟುಂಬಗಳಿಗೆ ಇದು ಯಾಕೆ ಬೇಕು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ತನಕ ಬೆಳಗಾವಿ ಮುಂಬೈ ರಾಜ್ಯದಲ್ಲಿತ್ತು. ಹಾಗಾಗಿ ಅಜ್ಜನ ಕಾಲದ ಕಾಗದ ಮರಾಠಿಯಲ್ಲಿ, ಅಪ್ಪನದು ಕನ್ನಡದಲ್ಲಿ, ಈಗ ಬ್ಯಾಂಕು ಕೇಳುವುದು ಇಂಗ್ಲಿಷಿನಲ್ಲಿ. ಒಂದೇ ಹೊಲದ ಮೂರು ತಲೆಮಾರಿನ ದಾಖಲೆ ಮೂರು ಭಾಷೆಯಲ್ಲಿದ್ದರೂ ಓದಿದವರಿಗೆ ಅದು ಒಂದೇ ಹೊಲ ಎಂದು ಅನುಮಾನವಿಲ್ಲದೆ ಗೊತ್ತಾಗಬೇಕು. ನಾನು ಮೊದಲು ಮಾಡುವುದು ಆ ಕೆಲಸ. ಸರ್ವೆ ನಂಬರ್, ಹಿಸ್ಸಾ, ಚಕ್ಕುಬಂದಿ, ಹೆಸರುಗಳ ಕಾಗುಣಿತ ಎಲ್ಲವನ್ನೂ ಒಂದು ಪಟ್ಟಿ ಮಾಡಿ, ಎಲ್ಲಾ ಕಾಗದಗಳಲ್ಲೂ ತಾಳೆ ನೋಡಿ, ಆಮೇಲೆ ಅನುವಾದಕ್ಕೆ ಕೂರುತ್ತೇನೆ. ಒಂದು ಕಾಗದದಲ್ಲಿ 'ಬಸಪ್ಪ', ಇನ್ನೊಂದರಲ್ಲಿ 'ಬಸವಣ್ಣೆಪ್ಪ' ಎಂದಿದ್ದರೆ ನಾನು ಸರಿ ಮಾಡುವುದಿಲ್ಲ. ಇದ್ದಂತೆಯೇ ಬರೆದು, ಆ ವ್ಯತ್ಯಾಸವನ್ನು ನಿಮಗೆ ಬೇರೆಯಾಗಿ ತಿಳಿಸುತ್ತೇನೆ. ಅದನ್ನು ವಕೀಲರ ಹತ್ತಿರ ಕೇಳಿ.

ಅಳತೆಯ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಪಹಣಿಯಲ್ಲಿ ಎಕರೆ, ಗುಂಟೆ, ಆಣೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಮಹಾರಾಷ್ಟ್ರದ ಸಾತಬಾರಾದಲ್ಲಿ ಹೆಕ್ಟೇರ್ ಮತ್ತು ಆರ್. ಒಂದು ಆರ್ ಅಂದರೆ 100 ಚದರ ಮೀಟರ್, ಒಂದು ಗುಂಟೆ ಅಂದರೆ ಸುಮಾರು 101.17 ಚದರ ಮೀಟರ್. ಎರಡೂ ಹತ್ತಿರ ಹತ್ತಿರ ಇವೆ ಅಂತ ಒಂದರ ಜಾಗದಲ್ಲಿ ಇನ್ನೊಂದನ್ನು ಸುಮ್ನೆ ಬರೆದುಬಿಟ್ಟರೆ ದೊಡ್ಡ ಹೊಲದಲ್ಲಿ ಗುಂಟೆಗಟ್ಟಲೆ ವ್ಯತ್ಯಾಸ ಬರುತ್ತದೆ. ಮೂಲದ ಅಳತೆಯನ್ನು ನಾನು ಯಾವತ್ತೂ ಬದಲಿಸುವುದಿಲ್ಲ. ನೀವು ಕೇಳಿದರೆ ಮಾತ್ರ ಪಕ್ಕದಲ್ಲಿ ಪರಿವರ್ತಿಸಿದ ಲೆಕ್ಕ ಕೊಡುತ್ತೇನೆ, ಅದು ಪರಿವರ್ತನೆ ಎಂದು ಸ್ಪಷ್ಟವಾಗಿ ಬರೆದು.

ಪಹಣಿಯ 9ನೇ ಕಾಲಂನಲ್ಲಿ ಖಾತೆದಾರರ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಸಾಗುವಳಿ ಮತ್ತು ಬೆಳೆ. ಅನುವಾದದಲ್ಲೂ ಕಾಲಂ ಸಂಖ್ಯೆ ಹಾಗೇ ಉಳಿಯುತ್ತದೆ. ಬ್ಯಾಂಕಿನ ಅಧಿಕಾರಿ ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕ ಇಟ್ಟು ಓದಲು ಆಗಬೇಕು, ಅಲ್ವಾ? ಮುದ್ರೆ, ಸಹಿ, ಅಂಚಿನಲ್ಲಿ ಕೈಯಲ್ಲಿ ಬರೆದ ಟಿಪ್ಪಣಿ ಎಲ್ಲವೂ ಅನುವಾದದಲ್ಲಿ ಇರುತ್ತವೆ. ಓದಲಾಗದ್ದನ್ನು 'ಓದಲಾಗುತ್ತಿಲ್ಲ' ಎಂದೇ ಬರೆಯುತ್ತೇನೆ. ಊಹೆ ಮಾಡಿ ತುಂಬುವುದಿಲ್ಲ.

ಮೋಡಿ ಲಿಪಿಯ ಹಳೆಯ ಕಾಗದ ನನ್ನಿಂದ ಆಗುವುದಿಲ್ಲ. ಮೋಡಿ ಬಲ್ಲವರಿಂದ ಮೊದಲು ಬಾಳಬೋಧ, ಅಂದರೆ ದೇವನಾಗರಿ ಲಿಪಿಗೆ ಬರೆಸಿ ಕಳಿಸಿದರೆ ಅಲ್ಲಿಂದ ಕನ್ನಡಕ್ಕೋ ಇಂಗ್ಲಿಷಿಗೋ ತರುವುದು ನನ್ನ ಜವಾಬ್ದಾರಿ. ಮರಾಠಿಯಿಂದ ಇಂಗ್ಲಿಷ್ ಬೇಕಾದಾಗ ಕನ್ನಡದ ಅನುವಾದವೂ ಜೊತೆಗೆ ಬರುತ್ತದೆ, ಯಾಕೆಂದರೆ ನಾನು ಕನ್ನಡದ ಮೂಲಕವೇ ಹೋಗುತ್ತೇನೆ. ಇದನ್ನು ಮೊದಲೇ ಹೇಳುತ್ತೇನೆ, ನೇರ ಅನುವಾದವೇ ಬೇಕೆಂದರೆ ಬೇರೆಯವರನ್ನು ನೋಡಿ.

ವಿದೇಶದಲ್ಲಿರುವ ಕನ್ನಡಿಗರಿಗೆ

ಜನನ, ಮದುವೆ, ಮರಣ ಪ್ರಮಾಣಪತ್ರ, ಅಂಕಪಟ್ಟಿ, ಶಾಲೆ ಬಿಟ್ಟ ಪ್ರಮಾಣಪತ್ರಗಳನ್ನು ಕನ್ನಡದಿಂದ ಇಂಗ್ಲಿಷಿಗೆ ಮಾಡಿಕೊಡುತ್ತೇನೆ. ಅಮೆರಿಕದ ವಲಸೆ ಇಲಾಖೆಗೆ ಕೊಡುವ ಕಾಗದವಾದರೆ ಪೂರ್ತಿ ಅನುವಾದ ಬೇಕು, ಸಾರಾಂಶ ನಡೆಯುವುದಿಲ್ಲ. ಜೊತೆಗೆ ಅನುವಾದ ಪೂರ್ಣವಾಗಿದೆ, ನಿಖರವಾಗಿದೆ, ನನಗೆ ಎರಡೂ ಭಾಷೆ ಬರುತ್ತವೆ ಎಂದು ಅನುವಾದಕರು ಸಹಿ ಮಾಡಿದ ಒಂದು ಹೇಳಿಕೆ ಇರಬೇಕು. ಅದನ್ನು ಬೇರೆ ದುಡ್ಡಿಲ್ಲದೆ ಕೊಡುತ್ತೇನೆ. ಬೇರೆ ದೇಶ, ಬೇರೆ ಕಚೇರಿಯಾದರೆ ನೋಟರಿ ಬೇಕೋ ಅಫಿಡವಿಟ್ ಬೇಕೋ ಎಂದು ಮೊದಲು ಅಲ್ಲಿಂದಲೇ ತಿಳಿದುಕೊಳ್ಳಿ. ನೋಟರಿ ಮಾಡಿಸಬೇಕಾದರೆ ಒಂದು ದಿನ ಜಾಸ್ತಿ ಹಿಡಿಯುತ್ತದೆ, ನೋಟರಿ ಶುಲ್ಕ ನಿಮ್ಮದು.

ಹೆಸರುಗಳನ್ನು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆಯುತ್ತೇನೆ. ಅದರ ಮೊದಲ ಪುಟದ ಫೋಟೊ ಇದಕ್ಕಾಗಿಯೇ ಕೇಳುವುದು. ಹೆಸರು ಮತ್ತು ಹುಟ್ಟಿದ ದಿನಾಂಕ ಬಿಟ್ಟು ಉಳಿದದ್ದನ್ನು ಮುಚ್ಚಿ ಕಳಿಸಿ.

ಆರೋಗ್ಯ

ರೋಗಿಗಳ ಮಾಹಿತಿ ಪತ್ರ, ಒಪ್ಪಿಗೆ ಪತ್ರ, ಔಷಧ ಪ್ರಯೋಗದ ಪ್ರಶ್ನಾವಳಿ, ಲಸಿಕೆ ಮತ್ತು ತಾಯಿ-ಮಗುವಿನ ಆರೋಗ್ಯದ ಕೈಪಿಡಿ. ಈ ಕೆಲಸ ನನಗೆ ತುಂಬಾ ಇಷ್ಟ, ತುಂಬಾ ನಿಧಾನವಾಗಿಯೂ ಮಾಡುತ್ತೇನೆ. ಒಪ್ಪಿಗೆ ಪತ್ರ ಓದುವವರು ಆಸ್ಪತ್ರೆಯ ಬೆಂಚಿನ ಮೇಲೆ ಆತಂಕದಲ್ಲಿ ಕೂತಿರುತ್ತಾರೆ. ಅವರಿಗೆ ನಿಘಂಟಿನ ಕನ್ನಡ ಬೇಡ. 'ಯಾದೃಚ್ಛಿಕವಾಗಿ ಹಂಚಲಾಗುವುದು' ಎಂದರೆ ಯಾರಿಗೆ ಅರ್ಥವಾಗುತ್ತದೆ? 'ನಿಮಗೆ ಯಾವ ಔಷಧ ಸಿಗುತ್ತದೆ ಎಂಬುದು ಚೀಟಿ ಎತ್ತಿದಂತೆ ತೀರ್ಮಾನವಾಗುತ್ತದೆ, ಡಾಕ್ಟರ್ ಆರಿಸುವುದಿಲ್ಲ' ಎಂದು ಬರೆದರೆ ಅರ್ಥವಾಗುತ್ತದೆ. ಬಿಪಿ, ಶುಗರ್, ಸ್ಕ್ಯಾನ್ ಇವನ್ನು ಜನ ಹೇಗೆ ಹೇಳುತ್ತಾರೋ ಹಾಗೇ ಇಡುತ್ತೇನೆ.

'ಯಾವಾಗ ಬೇಕಾದರೂ ಹೊರಗೆ ಹೋಗಬಹುದು, ಹೋದರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ' ಎಂಬಂಥ ಸಾಲುಗಳನ್ನು ಒಂದು ಎಳೆಯೂ ಸಡಿಲವಾಗದಂತೆ ನೋಡಿಕೊಳ್ಳುತ್ತೇನೆ. ಮಕ್ಕಳ ಸಮ್ಮತಿ ಪತ್ರವಿದ್ದರೆ ಅದನ್ನು ದೊಡ್ಡವರ ಪತ್ರದಿಂದ ಕತ್ತರಿಸಿ ಅಂಟಿಸುವುದಿಲ್ಲ, ಆ ವಯಸ್ಸಿನ ಮಗು ಓದುವಂತೆ ಬೇರೆಯಾಗಿ ಬರೆಯುತ್ತೇನೆ. ಹಿಮ್ಮರಳಿ ಅನುವಾದ, ಅಂದರೆ ಕನ್ನಡದಿಂದ ಮತ್ತೆ ಇಂಗ್ಲಿಷಿಗೆ, ಬೇಕಾದರೆ ಅದನ್ನು ನನ್ನ ಹೊರತು ಬೇರೆಯವರಿಂದ ಮಾಡಿಸಿ. ಒಬ್ಬರೇ ಎರಡೂ ಮಾಡಿದರೆ ಪರೀಕ್ಷೆಗೆ ಬೆಲೆ ಇಲ್ಲ. ಬೇರೆಯವರು ಮಾಡಿದ ಅನುವಾದದ ಹಿಮ್ಮರಳಿ ಕೆಲಸವನ್ನು ನಾನು ಖುಷಿಯಿಂದ ತೆಗೆದುಕೊಳ್ಳುತ್ತೇನೆ.

ಕೃಷಿ

ಬೀಜ, ಗೊಬ್ಬರ, ಕೀಟನಾಶಕದ ಲೇಬಲ್ ಮತ್ತು ಕರಪತ್ರ, ಹನಿ ನೀರಾವರಿಯ ಕೈಪಿಡಿ, ರೈತರಿಗೆ ಕಳಿಸುವ ಮೆಸೇಜುಗಳು. ಇಲ್ಲಿ ಎರಡು ಕಡೆ ಎಚ್ಚರ ಬೇಕು. ಒಂದು, ಪ್ರಮಾಣ. ಲೀಟರ್ ನೀರಿಗೆ ಎಷ್ಟು, ಎಕರೆಗೆ ಎಷ್ಟು ಎಂಬುದು ಒಂದೇ ವಾಕ್ಯದಲ್ಲಿ ಗೋಜಲಾಗಬಾರದು. ಇನ್ನೊಂದು, ಊರು. ಉತ್ತರ ಕರ್ನಾಟಕದಲ್ಲಿ ಜೋಳ ಅಂದರೆ ರೊಟ್ಟಿಯ ಜೋಳ, ಮೆಕ್ಕೆಜೋಳಕ್ಕೆ ಗೋವಿನಜೋಳ ಅನ್ನುತ್ತಾರೆ. ದಕ್ಷಿಣದ ಹಲವು ಕಡೆ ಜೋಳ ಎಂದರೆ ಮುಸುಕಿನ ಜೋಳವೇ ನೆನಪಿಗೆ ಬರುತ್ತದೆ. ವಿಜಯಪುರಕ್ಕೂ ಚಾಮರಾಜನಗರಕ್ಕೂ ಒಂದೇ ಕರಪತ್ರ ಹೋಗುವುದಾದರೆ ಎರಡೂ ಹೆಸರು ಕೊಡುತ್ತೇನೆ. ಲೇಬಲ್ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಬಣ್ಣ ವಿಷದ ತೀವ್ರತೆ ತೋರಿಸುತ್ತದೆ, ಕೆಂಪು ಎಲ್ಲಕ್ಕಿಂತ ಅಪಾಯಕಾರಿ. ಕನ್ನಡದ ಎಚ್ಚರಿಕೆ ಸಾಲು ಆ ಬಣ್ಣಕ್ಕೆ ಹೊಂದುತ್ತಿದೆಯಾ ಎಂದು ಪ್ರಿಂಟಿಗೆ ಹೋಗುವ ಪುಟದಲ್ಲೇ ನೋಡಿಕೊಡುತ್ತೇನೆ.

ಕಥೆ, ಕವಿತೆ, ಜಾಹೀರಾತಿನ ಘೋಷವಾಕ್ಯ, ಸಾಫ್ಟ್‌ವೇರ್ ಮೆನು ತೆಗೆದುಕೊಳ್ಳುವುದಿಲ್ಲ. ಅದಕ್ಕೆ ನನಗಿಂತ ಒಳ್ಳೆಯವರು ಇಲ್ಲೇ ಇದ್ದಾರೆ.

ಸಮಯ

ದಿನಾಂಕ ಒಪ್ಪಿಕೊಳ್ಳುವ ಮೊದಲು ಇಡೀ ಫೈಲ್ ಓದುತ್ತೇನೆ. ಓದದೆ ಯಾವ ದಿನಾಂಕವನ್ನೂ ಕೊಡುವುದಿಲ್ಲ. ನಿಮಗೆ ತಡವಾಗದೆ ಕೆಲಸ ಸಿಗುವುದಕ್ಕೆ ಇದೇ ಮುಖ್ಯ ಕಾರಣ ಎಂದು ನಂಬಿದ್ದೇನೆ. ಆರೋಗ್ಯ ಮತ್ತು ಕಾನೂನಿನ ಕೆಲಸ ದಿನಕ್ಕೆ 1,500 ಪದ, ಉಳಿದದ್ದು 2,000 ಪದ. ಲೆಕ್ಕ ಮೂಲ ಭಾಷೆಯ ಪದದ ಮೇಲೆ. ಒಂದೆರಡು ಪುಟದ ಪ್ರಮಾಣಪತ್ರ ಬಿಟ್ಟು ಉಳಿದ ಎಲ್ಲದರ ಕೊನೆಗೆ ಒಂದು ದಿನ ಬರೀ ಮರು ಓದಿಗೆ ಇಡುತ್ತೇನೆ. ಮುಗಿಸಿದ ರಾತ್ರಿಯೇ ಕಳಿಸುವುದಿಲ್ಲ, ಬೆಳಿಗ್ಗೆ ಹೊಸ ಕಣ್ಣಿನಿಂದ ಓದಿ ಕಳಿಸುತ್ತೇನೆ.

ಒಂದೆರಡು ಪುಟದ ಪ್ರಮಾಣಪತ್ರ 24 ಗಂಟೆಯಲ್ಲಿ. ಹತ್ತು ಪುಟದ ಕ್ರಯಪತ್ರ ನಾಲ್ಕು ಕೆಲಸದ ದಿನದಲ್ಲಿ. 5,000 ಪದದ ಒಪ್ಪಿಗೆ ಪತ್ರ ಐದು ಕೆಲಸದ ದಿನದಲ್ಲಿ. ಭಾನುವಾರ ರಜೆ. ಗಣೇಶ ಚೌತಿ ಮತ್ತು ದೀಪಾವಳಿಯ ರಜೆಯನ್ನು ಎರಡು ವಾರ ಮೊದಲೇ ಇಲ್ಲಿ ಹಾಕುತ್ತೇನೆ.

ಅರ್ಜೆಂಟ್ ಕೆಲಸಕ್ಕೆ 25% ಹೆಚ್ಚು. 3,000 ಪದಕ್ಕಿಂತ ದೊಡ್ಡದಾದರೆ ಅರ್ಜೆಂಟ್ ಒಪ್ಪುವುದಿಲ್ಲ, ಒಪ್ಪಂದ ಅಥವಾ ಒಪ್ಪಿಗೆ ಪತ್ರವನ್ನು ರಾತ್ರಿಯೆಲ್ಲಾ ಕೂತು ಓಡಿಸುವುದು ಸರಿಯಲ್ಲ. 10,000 ಪದ ಮೀರಿದ ಕೆಲಸವನ್ನು ಭಾಗ ಮಾಡಿ, ಒಂದೊಂದು ಭಾಗಕ್ಕೂ ದಿನಾಂಕ ಹಾಕಿ ಕಳಿಸುತ್ತೇನೆ. ಮೊದಲ ಭಾಗ ನೋಡಿ ಪದಗಳ ಬಗ್ಗೆ ನಿಮ್ಮ ಮಾತು ಹೇಳಿದರೆ ಉಳಿದದ್ದು ಅದೇ ದಾರಿಯಲ್ಲಿ ಹೋಗುತ್ತದೆ. ನನ್ನ ಕಡೆಯಿಂದ ತಡವಾದರೆ ದಿನಕ್ಕೆ 10% ಬಿಲ್ಲಿನಿಂದ ಕಡಿಮೆ. ತಲುಪಿಸಿದ 14 ದಿನದ ತನಕ ತಿದ್ದುಪಡಿಗೆ ದುಡ್ಡಿಲ್ಲ. ಮೂಲವೇ ಬದಲಾದರೆ ಅದು ಹೊಸ ಕೆಲಸ.

ದರ

ಇಂಗ್ಲಿಷ್ ಮತ್ತು ಹಿಂದಿಯಿಂದ ಕನ್ನಡಕ್ಕೆ ಪದಕ್ಕೆ 2 ರೂ. 50 ಪೈಸೆ. ಮರಾಠಿಯಿಂದ ಕನ್ನಡಕ್ಕೆ ಮತ್ತು ಕನ್ನಡದಿಂದ ಇಂಗ್ಲಿಷಿಗೆ 3 ರೂ. ಮರಾಠಿಯಿಂದ ಇಂಗ್ಲಿಷಿಗೆ ಎರಡು ಹಂತ, ಪದಕ್ಕೆ 5 ರೂ. ಒಂದು ಪುಟದ ಪ್ರಮಾಣಪತ್ರಕ್ಕೆ 600 ರೂ. ಕೈಬರಹದ ಕಾಗದಕ್ಕೆ ನೋಡಿ ಹೇಳುತ್ತೇನೆ.

ಫೈಲುಗಳು .docx, .xlsx, .pdf, .xliff ಯಾವುದಾದರೂ ಸರಿ. ಅನುವಾದ ಯೂನಿಕೋಡ್‌ನಲ್ಲಿ ಬರುತ್ತದೆ. ಪ್ರಿಂಟಿಂಗ್ ಪ್ರೆಸ್‌ನವರು ಹಳೆಯ ನುಡಿ ಫಾಂಟಿನಲ್ಲೇ ಕೇಳಿದರೆ ಹಾಗೂ ಕೊಡುತ್ತೇನೆ. ಬದಲಿಸುವಾಗ ಒತ್ತಕ್ಷರ, ಅರ್ಕಾವೊತ್ತು ಚೆದುರುವುದುಂಟು, ಆದ್ದರಿಂದ ಪ್ರಿಂಟಿನ ಪ್ರೂಫ್ ಒಮ್ಮೆ ನನಗೆ ಕಳಿಸಿ, ಉಚಿತವಾಗಿ ನೋಡಿಕೊಡುತ್ತೇನೆ. ನಿಮ್ಮ ಕಾಗದ ಬೇರೆ ಯಾರ ಕೈಗೂ ಹೋಗುವುದಿಲ್ಲ, ಕೆಲಸ ಮುಗಿದ 90 ದಿನಕ್ಕೆ ನನ್ನ ಕಂಪ್ಯೂಟರಿನಿಂದ ಅಳಿಸುತ್ತೇನೆ. ಬೇಗ ಅಳಿಸಿ ಎಂದರೆ ಅವತ್ತೇ.

ಕೆಲಸ ಕಳಿಸುವಾಗ ಮೂರು ವಿಷಯ ಬರೆಯಿರಿ: ಇದನ್ನು ಯಾರು ಓದುತ್ತಾರೆ, ಯಾವ ಕಚೇರಿಗೆ ಕೊಡುತ್ತೀರಿ, ಯಾವತ್ತಿಗೆ ಬೇಕು. ಫೋಟೊ ಆದರೆ ನಾಲ್ಕು ಮೂಲೆಯೂ ಕಾಣುವಂತೆ, ನೆರಳು ಬೀಳದಂತೆ ತೆಗೆಯಿರಿ, ಹಿಂಬದಿಯನ್ನೂ ಮರೆಯಬೇಡಿ. ಸೋಮವಾರದಿಂದ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 7ರ ಒಳಗೆ ಬಂದ ಮೆಸೇಜಿಗೆ ಎರಡು ಗಂಟೆಯಲ್ಲಿ ಉತ್ತರ ಬರುತ್ತದೆ. ಫೈಲ್ ಓದಿ ದರ ಮತ್ತು ದಿನಾಂಕವನ್ನು ಅದೇ ದಿನ ತಿಳಿಸುತ್ತೇನೆ.