ನಮ್ಮ ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ

ಎಲ್ಲರಿಗೂ ನಮಸ್ಕಾರ ಕಣ್ರೇ. ಛತ್ರ, ಆರತಕ್ಷತೆ, ಮೆಹಂದಿ ಅಂತ ನೀವೆಲ್ಲ ಆಸೆ ಇಟ್ಕೊಂಡಿದ್ರಿ, ಗೊತ್ತು. ಜೋಸೆಫೂ ನಾನೂ ಬರೋ ಗುರುವಾರ ಜಯನಗರದ ಸಬ್ ರಿಜಿಸ್ಟ್ರಾರ್ ಕಚೇರೀಲಿ ಮದುವೆ ಆಗ್ತಿದ್ದೀವಿ.

ನಮ್ಮಿಬ್ಬರ ಧರ್ಮ ಬೇರೆ, ಯಾರೂ ಮತಾಂತರ ಆಗಬಾರದು ಅನ್ನೋದು ನಮ್ಮಿಬ್ಬರ ಗಟ್ಟಿ ನಿರ್ಧಾರ. ಹಾಗಾಗಿ 1954ರ ವಿಶೇಷ ವಿವಾಹ ಕಾಯ್ದೆ. 30 ದಿನದ ನೋಟಿಸ್ ಅವಧಿ ಮುಗೀತು. ಮೂರು ಸಾಕ್ಷಿ ಬೇಕು: ನಮ್ಮಪ್ಪ, ಜೋಸೆಫ್ ಅಕ್ಕ, ನಮ್ಮಜ್ಜಿ. (ಅಜ್ಜಿ ತಾವಾಗೇ ‘ನಾನು ಸಹಿ ಹಾಕ್ತೀನಿ’ ಅಂದ್ರು, ಕಣ್ಣು ತುಂಬಿ ಬಂತು.)

ಸಾಲ ಮಾಡಿ ಛತ್ರ ಹಿಡಿಯೋದು ಬೇಡ ಅನ್ನಿಸ್ತು. ನಿಮ್ಮನ್ನ ದೂರ ಇಟ್ಟಿದ್ದಲ್ಲ, ಕಚೇರೀಲಿ ಜಾಗ ಚಿಕ್ಕದು. ಭಾನುವಾರ ಮಧ್ಯಾಹ್ನ ನಮ್ಮನೆಗೆ ಊಟಕ್ಕೆ ಬನ್ನಿ, ಹೋಳಿಗೆ ಮಾಡಿಸ್ತೀವಿ. ಉಡುಗೊರೆ ಖಂಡಿತ ಬೇಡ.

– ಸುಮಾ