ಪಾಲುಗಾರಿಕೆ ಕರಾರಿಗೆ ಸಹಿ ಹಾಕುವ ಮೊದಲು ರಮೇಶನಿಗೆ

ಬದಿಯಡ್ಕ
18-2-2026

ಪ್ರೀತಿಯ ರಮೇಶ,

ಆಡಿಟರು ಕರಾರಿನ ಕರಡು ಕಳಿಸಿದ್ದಾರೆ. ಹದಿನಾಲ್ಕು ಪುಟ, ಪೂರಾ ಇಂಗ್ಲಿಷು. ನಮ್ಮ ಅಂಗಡಿಯಲ್ಲಿ ಹನ್ನೊಂದು ವರ್ಷ ಅಡಕೆ ತೂಗಿದವನು ನೀನು. ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ಬರೀ ಕೈಯಲ್ಲಿ ಹಿಡಿದು ಬೇರೆ ಮಾಡುತ್ತೀ. ಆದರೆ ಈ ಕಾಗದ ಬೇರೆ ಜಾತಿಯದ್ದು. "ನೀವು ಹೇಳಿದ ಮೇಲೆ ಓದುವುದೆಂತಕ್ಕೆ ದಣಿ" ಅಂತ ಮೊನ್ನೆ ನೀನು ಅಂದದ್ದು ನನ್ನ ಮನಸ್ಸಿನಲ್ಲೇ ಉಳಿದಿದೆ. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಏಪ್ರಿಲ್ 1ರಿಂದ ನಾನು ದಣಿ ಅಲ್ಲ, ನೀನು ಸಂಬಳದ ಆಳೂ ಅಲ್ಲ. ಅಣ್ಣ ಅಂದರೆ ಸಾಕು.

ಮೊದಲು ಎಲ್ಲಕ್ಕಿಂತ ಭಾರದ ಮಾತು. ಇದು ಕಂಪೆನಿ ಅಲ್ಲ, 1932ರ ಪಾಲುಗಾರಿಕೆ ಕಾಯಿದೆಯ ಕೆಳಗಿನ ಸಂಸ್ಥೆ. ಸಂಸ್ಥೆಯ ಸಾಲಕ್ಕೆ ನಾನು, ಈಗಿನ ಪಾಲುಗಾರ ವಾಸಣ್ಣ, ನೀನು ಮೂವರೂ ಒಟ್ಟಾಗಿಯೂ ಹೊಣೆ, ಒಬ್ಬೊಬ್ಬರಾಗಿಯೂ ಹೊಣೆ. ನಿನ್ನ ಪಾಲು ನೂರಕ್ಕೆ 25 ಎಂದರೆ ಸಾಲ ಕೊಟ್ಟವನು ನಿನ್ನಲ್ಲಿ ಕಾಲು ಭಾಗ ಮಾತ್ರ ಕೇಳಬೇಕೆಂದಿಲ್ಲ, ಪೂರ್ತಿ ಕೇಳಬಹುದು. ಕೊಟ್ಟ ಮೇಲೆ ನೀನು ನಮ್ಮಿಂದ ವಸೂಲಿ ಮಾಡಿಕೊಳ್ಳಬೇಕು, ಅಷ್ಟೆ. ನೀನು ಹಾಕುವ 8 ಲಕ್ಷಕ್ಕೆ ಹೊಣೆ ನಿಲ್ಲುವುದಿಲ್ಲ, ನಿನ್ನ ಹತ್ತು ಸೆಂಟು ಜಾಗ, ಮನೆಯ ತನಕ ಹೋಗುತ್ತದೆ. ಬ್ಯಾಂಕಿನಲ್ಲಿ ನಮಗೆ 25 ಲಕ್ಷದ ಓಡಿ, ಅಂದರೆ ಓವರ್‌ಡ್ರಾಫ್ಟ್ ಸಾಲ, ಇದೆ. ಅದರ ಕಾಗದಕ್ಕೂ ನೀನು ಸಹಿ ಹಾಕಬೇಕಾಗುತ್ತದೆ. ಇದನ್ನು ಮನೆಯಲ್ಲಿ ಹೇಳಿದ್ದೀಯಾ? ಹೇಳದೆ ಸಹಿ ಹಾಕಬೇಡ.

ನೀನು ಸಹಿ ಹಾಕುವ ಆ ಬ್ಯಾಂಕಿನ ಸಾಲ ಬಿಟ್ಟರೆ ಹಿಂದಿನ ಬೇರೆ ಸಾಲ ನಿನ್ನ ಮೇಲೆ ಬರುವುದಿಲ್ಲ. ಹೊಸ ಪಾಲುಗಾರ ತಾನು ಸೇರುವ ಮೊದಲಿನ ವ್ಯವಹಾರಕ್ಕೆ ಹೊಣೆಯಲ್ಲ ಎಂದು ಕಾಯಿದೆಯೇ ಹೇಳುತ್ತದೆ. ಹೊರಗಿನ ಒಬ್ಬ ವ್ಯಾಪಾರಿಯಿಂದ 4 ಲಕ್ಷ ಬರಬೇಕಾದ್ದು ನಿನಗೆ ಗೊತ್ತು. ಬಂದರೆ ನನಗೂ ವಾಸಣ್ಣನಿಗೂ, ಬಾರದಿದ್ದರೆ ನಷ್ಟವೂ ನಮಗೇ. ಇದನ್ನು ಐದನೇ ಕಲಮಿನಲ್ಲಿ ಬರೆಸಿದ್ದೇನೆ.

ಇನ್ನು ಲಾಭ. ಬಂಡವಾಳ ಒಟ್ಟು 40 ಲಕ್ಷ: ನನ್ನದು 18, ವಾಸಣ್ಣನದು 14, ನಿನ್ನದು 8. ಲಾಭದ ಪಾಲು 40, 35, 25. ಬಂಡವಾಳದ ಲೆಕ್ಕದಲ್ಲಿ ನಿನಗೆ 20 ಬರಬೇಕಿತ್ತು, ನಿನ್ನ ಕೈಕೆಲಸಕ್ಕೆಂದು 25 ಮಾಡಿದೆವು. ನಷ್ಟವೂ ಇದೇ ಲೆಕ್ಕದಲ್ಲಿ. ಕರಾರಿನಲ್ಲಿ ಬರೆಯದಿದ್ದರೆ ಕಾಯಿದೆ ಪ್ರಕಾರ ಎಲ್ಲರಿಗೂ ಸಮಪಾಲು, ದುಡಿದವನಿಗೆ ಸಂಬಳವೂ ಇಲ್ಲ, ಬಂಡವಾಳಕ್ಕೆ ಬಡ್ಡಿಯೂ ಇಲ್ಲ. ಹಾಗಾಗಿ ಮೂರನ್ನೂ ಬರೆಸಿದ್ದೇವೆ.

ಒಂದು ಉದಾಹರಣೆ ಹಾಕುತ್ತೇನೆ. ಅಂಗಡಿ ಬಾಡಿಗೆ, ಆಳು, ಲಾರಿ, ಬ್ಯಾಂಕಿನ ಬಡ್ಡಿ ಎಲ್ಲ ಕಳೆದು 16 ಲಕ್ಷ ಉಳಿಯಿತು ಅಂತಿಟ್ಟುಕೋ. ಮೊದಲು ಬಂಡವಾಳಕ್ಕೆ ನೂರಕ್ಕೆ 12ರಂತೆ ಬಡ್ಡಿ, 4,80,000. (12ಕ್ಕಿಂತ ಹೆಚ್ಚು ಕೊಟ್ಟರೆ ಆ ಹೆಚ್ಚಿನದ್ದನ್ನು ಆದಾಯ ತೆರಿಗೆಯವರು ಸಂಸ್ಥೆಯ ಖರ್ಚೆಂದು ಒಪ್ಪುವುದಿಲ್ಲ.) ಅದರಲ್ಲಿ ನಿನ್ನದು 96,000. ಆಮೇಲೆ ದುಡಿಯುವ ಪಾಲುಗಾರರ ಸಂಬಳ: ನಿನಗೆ ತಿಂಗಳಿಗೆ 22,000, ನನಗೆ 15,000, ಒಟ್ಟು ವರ್ಷಕ್ಕೆ 4,44,000. ವಾಸಣ್ಣನಿಗೆ ಸಂಬಳವಿಲ್ಲ, ಅವರು ಅಂಗಡಿಯಲ್ಲಿ ಕೂರುವುದಿಲ್ಲ. ಉಳಿಯುವುದು 6,76,000. ಇದರ ಮೇಲೆ ಸಂಸ್ಥೆ ಸೆಸ್ಸೂ ಸೇರಿ ನೂರಕ್ಕೆ 31.2 ತೆರಿಗೆ ಕಟ್ಟಿದರೆ 4,65,088. ಅದರ ಕಾಲು ಭಾಗ 1,16,272. ಎಲ್ಲ ಕೂಡಿಸಿದರೆ ನಿನ್ನ ವರ್ಷದ ಗಳಿಕೆ 4,76,272.

ಲಾಭದ ಪಾಲಿಗೆ ನಿನ್ನ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ. ಬಡ್ಡಿ, ಸಂಬಳ ಮಾತ್ರ ನಿನ್ನ ಆದಾಯ. 2025ರ ಏಪ್ರಿಲಿನಿಂದ ಪಾಲುಗಾರನ ಸಂಬಳ, ಬಡ್ಡಿ ವರ್ಷಕ್ಕೆ 20,000 ದಾಟಿದರೆ ನೂರಕ್ಕೆ 10 ಟಿಡಿಎಸ್ ಹಿಡಿಯಬೇಕು. ಹಾಗೆ ನಿನ್ನ 3,60,000ದಲ್ಲಿ 36,000 ಹಿಡಿದಿಡುತ್ತೇವೆ, ರಿಟರ್ನ್ ಹಾಕಿ ಬರಬೇಕಾದ್ದನ್ನು ವಾಪಸು ಪಡೆದುಕೋ.

ನಷ್ಟದ ವರ್ಷ ಬಂಡವಾಳದ ಬಡ್ಡಿ ಇಲ್ಲ. ನಿನ್ನ 8 ಲಕ್ಷದಲ್ಲಿ 3 ಲಕ್ಷ ಚಿನ್ನ ಅಡವಿಟ್ಟು ತರುತ್ತೀ ಎಂದೆ. ನಾವು ಬಡ್ಡಿ ಕೊಡದ ವರ್ಷವೂ ಆ ಬಡ್ಡಿ ಓಡುತ್ತಲೇ ಇರುತ್ತದೆ. ಈಗ 5 ಲಕ್ಷ ಹಾಕಿ, ಉಳಿದದ್ದನ್ನು ಎರಡು ವರ್ಷದಲ್ಲಿ ನಿನ್ನ ಪಾಲಿನಿಂದ ಹಿಡಿಯುವುದಾದರೆ ನನ್ನ ಒಪ್ಪಿಗೆ ಇದೆ, ವಾಸಣ್ಣನೂ ಒಪ್ಪಿದ್ದಾರೆ. ಅಲ್ಲಿಯ ತನಕ ಬಡ್ಡಿ ಹಾಕಿದಷ್ಟಕ್ಕೇ, ಪಾಲು ಮಾತ್ರ 25 ಹಾಗೆಯೇ. ಯೋಚನೆ ಮಾಡು.

ಹಣ ತೆಗೆಯುವ ವಿಷಯದಲ್ಲಿ ನಾನು ಗಟ್ಟಿ. ಲಾಭ ಅನ್ನುವುದು ಗಲ್ಲಾಪೆಟ್ಟಿಗೆಯಲ್ಲಿ ಇರುವುದಿಲ್ಲ ರಮೇಶ, ಗೋದಾಮಿನ ಗೋಣಿಯಲ್ಲಿರುತ್ತದೆ. ಹಿಂದೊಮ್ಮೆ ನಮ್ಮ ಪಾಲುಗಾರರೊಬ್ಬರು ಮನೆ ಒಕ್ಕಲಿಗೆಂದು ಫೆಬ್ರವರಿಯಲ್ಲಿ ಪೆಟ್ಟಿಗೆಯಿಂದ ಹೇಳದೆ ತೆಗೆದರು. ಅದೇ ವಾರ ಧಾರಣೆ ಇಳಿಯಿತು. ಕೊಡಲು ಹಣವಿಲ್ಲದೆ, ಅಡಕೆ ತಂದ ಕೃಷಿಕರನ್ನು ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಕಳಿಸಬೇಕಾಯಿತು. ಕೆಲವರು ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ.

ಹಾಗಾಗಿ ಸಂಬಳದ ಮೇಲೆ ತಿಂಗಳಿಗೆ 8,000 ಮಾತ್ರ ಲಾಭದ ಮುಂಗಡವಾಗಿ ತೆಗೆಯಬಹುದು. ಹೆಚ್ಚು ಬೇಕಾದರೆ ಉಳಿದಿಬ್ಬರ ಸಹಿ ಬೇಕು, ವಾಟ್ಸಾಪಿನಲ್ಲಿ ಸರಿ ಅಂದರೆ ಸಾಲದು. ಮಾರ್ಚ್ 31ಕ್ಕೆ ಹೆಚ್ಚುವರಿ ವಾಪಸಾಗದಿದ್ದರೆ ನೂರಕ್ಕೆ 12 ಬಡ್ಡಿ. ಜನವರಿಯಿಂದ ಮೇ ತನಕ, ಅಂಗಳದಲ್ಲಿ ಒಣಗಿದ ಅಡಕೆ ಬರುವ ಕಾಲದಲ್ಲಿ, ಆಸ್ಪತ್ರೆಯ ಖರ್ಚು ಬಿಟ್ಟು ಯಾರಿಗೂ ಹೆಚ್ಚುವರಿ ಇಲ್ಲ. ನನಗೂ ಇಲ್ಲ. ವರ್ಷದ ಲಾಭದಲ್ಲಿ ಅರ್ಧ ಆಡಿಟ್ ಆದ ಮೇಲೆ ಕೈಗೆ, ಅರ್ಧ ನಿನ್ನ ಖಾತೆಯಲ್ಲೇ. ದಾಸ್ತಾನಿನ ಬೆಲೆ ಕೊಂಡ ದರ, ಪೇಟೆ ದರ ಎರಡರಲ್ಲಿ ಕಡಿಮೆಯದ್ದು.

ಬಿಟ್ಟು ಹೋಗುವ ಕಲಮನ್ನು ಎರಡು ಸಲ ಓದು. ಆರು ತಿಂಗಳ ಮುಂಚೆ ಬರಹದಲ್ಲಿ ತಿಳಿಸಿದರೆ ಬರುವ ಮಾರ್ಚ್ 31ಕ್ಕೆ ಬಿಡಬಹುದು. ಬಂಡವಾಳ, ಉಳಿದ ಲಾಭ ಸೇರಿದ ಲೆಕ್ಕದಲ್ಲಿ ಕಾಲಂಶ ಮೂವತ್ತು ದಿನದೊಳಗೆ, ಉಳಿದದ್ದು ಮೂರು ತಿಂಗಳಿಗೊಂದರಂತೆ ಆರು ಕಂತು, ನೂರಕ್ಕೆ 9 ಬಡ್ಡಿ ಸೇರಿಸಿ. ಮೂರು ವರ್ಷ ತುಂಬಿದ ಮೇಲೆ ಬಿಟ್ಟರೆ ಅಂಗಡಿಯ ಹೆಸರಿನ ಬೆಲೆಯಲ್ಲೂ ಪಾಲು: ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 25. ಅದಕ್ಕಿಂತ ಮುಂಚೆ ಇಲ್ಲ. ಬಿಟ್ಟವನು ಎರಡು ವರ್ಷ ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳಲ್ಲಿ ಅಡಕೆ ಅಂಗಡಿ ಹಾಕಬಾರದು. ಕರಡಿನಲ್ಲಿ ಐದು ವರ್ಷ ಇತ್ತು. ಹುಟ್ಟಿದ ಊರಲ್ಲಿ ಗೊತ್ತಿದ್ದ ಒಂದೇ ಕಸುಬನ್ನು ಅಷ್ಟು ವರ್ಷ ಕಿತ್ತುಕೊಳ್ಳುವುದು ನ್ಯಾಯವಲ್ಲ ಎಂದು ನಾನೇ ಕಡಿಮೆ ಮಾಡಿಸಿದೆ.

ಬಿಟ್ಟ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ. ಸಂಸ್ಥೆಗಳ ರಿಜಿಸ್ಟ್ರಾರರಿಗೆ, ಗೆಜೆಟಿಗೆ, ಜಿಲ್ಲೆಯಲ್ಲಿ ಓಡುವ ಒಂದು ಭಾಷಾ ಪತ್ರಿಕೆಗೆ ಪ್ರಕಟಣೆ ಹೋಗಬೇಕು. ಕಾಯಿದೆಗೆ ಒಂದು ಪತ್ರಿಕೆ ಸಾಕು, ನಾವು ಕನ್ನಡದಲ್ಲೊಂದು, ಮಲಯಾಳದಲ್ಲೊಂದು ಎಂದು ಬರೆದಿದ್ದೇವೆ. ನಮಗೆ ಅಡಕೆ ತರುವವರು ಎರಡನ್ನೂ ಓದುತ್ತಾರೆ. ಬ್ಯಾಂಕಿನಿಂದ ಬಿಡುಗಡೆ ಪತ್ರ ಬೇರೆಯೇ ಬೇಕು. ಅದು ಕೈಗೆ ಬರುವ ತನಕ ಓಡಿಗೆ ನೀನು ಹೊಣೆಯೇ.

ಯಾರಾದರೂ ತೀರಿಕೊಂಡರೆ ಸಂಸ್ಥೆ ಮುಚ್ಚುವುದಿಲ್ಲ, ಮನೆಯವರಿಗೆ ಇದೇ ಲೆಕ್ಕದಲ್ಲಿ ಹಣ. ಇಬ್ಬರು ಸೇರಿ ಒಬ್ಬನನ್ನು ಹೊರಹಾಕುವುದು ಕಳ್ಳಲೆಕ್ಕ ರುಜುವಾತಾದರೆ ಮಾತ್ರ, ಅದೂ ಅವನ ಮಾತು ಕೇಳಿದ ಮೇಲೆ.

ಕೊನೆಯದ್ದು: ಸಹಿಯಾದ ಕೂಡಲೇ ನಿನ್ನ ಹೆಸರು ರಿಜಿಸ್ಟ್ರಾರರ ಪುಸ್ತಕಕ್ಕೆ ಏರಿತೇ ಎಂದು ನೀನೇ ನೋಡು. ಏರದಿದ್ದರೆ ಕರಾರಿನ ಹಕ್ಕಿಗಾಗಿ ನನ್ನ ಮೇಲೆ ದಾವೆ ಹೂಡಲು ನಿನಗೆ ಆಗುವುದಿಲ್ಲ. ಆ ದಿನ ಬಾರದಿರಲಿ, ಆದರೆ ಆ ದಾರಿ ನಿನಗೆ ತೆರೆದಿರಬೇಕು.

ಆದಿತ್ಯವಾರ ಬೆಳಗ್ಗೆ ಹತ್ತಕ್ಕೆ ಮನೆಗೆ ಬಾ, ಹೆಂಡತಿಯನ್ನೂ ಕರೆದುಕೊಂಡು ಬಾ. ಕರಡು ತಾ, ತಿಳಿಯದ ಕಡೆ ಪೆನ್ಸಿಲಿನಲ್ಲಿ ಗೆರೆ ಹಾಕಿರು. ವಾಸಣ್ಣನೂ ಇರುತ್ತಾರೆ. ಆ ದಿನ ಯಾರೂ ಸಹಿ ಹಾಕುವುದಿಲ್ಲ.

ನಿನ್ನ
ಶಂಕರಣ್ಣ