ಬೆಳಿಗ್ಗೆ ಹಂಪಿ, ಸಂಜೆ ಹಂಪಿ: ಕಮಲಾಪುರದ ಹೋಟೆಲ್ ವಿಡಿಯೋಗೆ ವಾಯ್ಸ್ ಓವರ್

ಓದುವವರಿಗೆ: ಮನೆಗೆ ಬಂದ ನೆಂಟರ ಜೊತೆ ಮಾತಾಡುವ ಹಾಗೆ ಓದಿ. ಜಾಹೀರಾತಿನ ಏರುದನಿ ಬೇಡ. ಗೆರೆ (/) ಇದ್ದಲ್ಲಿ ಒಂದು ಉಸಿರು. ಒಟ್ಟು ಸುಮಾರು ಮೂರೂವರೆ ನಿಮಿಷ. ಹೋಟೆಲ್ ಹೆಸರನ್ನು ಹೇಳುವುದು ಬೇಡ, ಕೊನೆಯಲ್ಲಿ ಬೋರ್ಡ್ ಕಾಣುತ್ತದೆ.

[ನಸುಕು. ಮಾತಂಗ ಬೆಟ್ಟದ ಮೆಟ್ಟಿಲು. ಟಾರ್ಚಿನ ಬೆಳಕು.]
(ನಿಧಾನವಾಗಿ)

ಹಂಪಿ ನೋಡಬೇಕಾ? / ಹಾಗಾದ್ರೆ ಬೇಗ ಏಳಬೇಕು.

ಐದಕ್ಕೆ ನಮ್ಮ ಹುಡುಗ ಬಾಗಿಲು ತಟ್ಟುತ್ತಾನೆ. ಕೈಗೆ ಬಿಸಿ ಚಹಾ ಕೊಡುತ್ತಾನೆ. ಟಾರ್ಚ್ ಹಿಡಿದು ಜೊತೆಗೇ ಬರುತ್ತಾನೆ. ಕತ್ತಲಲ್ಲಿ ಮಾತಂಗ ಬೆಟ್ಟಕ್ಕೆ ಒಬ್ಬರೇ ಹೋಗುವುದು ಬೇಡ.

ಮೇಲೆ ಹತ್ತಿ ಸುಮ್ನೆ ಕೂತುಬಿಡಿ. / ಬಂಡೆಗಳ ಆಚೆಯಿಂದ ಸೂರ್ಯ ಬರುತ್ತಾನೆ. ಕೆಳಗೆ ಅಚ್ಯುತರಾಯನ ಗುಡಿ. ಅದರಾಚೆ / ತುಂಗಭದ್ರೆ.

[ವಿರೂಪಾಕ್ಷ ದೇವಸ್ಥಾನ. ಗಂಟೆಯ ಸದ್ದು.]

ಇಳಿದು ವಿರೂಪಾಕ್ಷನ ಗುಡಿಗೆ ಬನ್ನಿ. ಇಲ್ಲಿ ಇವತ್ತಿಗೂ ದಿನಾ ಪೂಜೆ ನಡೆಯುತ್ತದೆ. ಕೈ ಮುಗಿದು ಹಿಂಭಾಗಕ್ಕೆ ಹೋಗಿ. ಅಲ್ಲೊಂದು ಕತ್ತಲೆ ಕೋಣೆ, ಗೋಡೆಯಲ್ಲಿ ಸಣ್ಣ ಕಿಂಡಿ. ಎದುರು ಗೋಡೆಯ ಮೇಲೆ ನೋಡಿ. / ರಾಜಗೋಪುರದ ನೆರಳು! / ಅದೂ ತಲೆಕೆಳಗಾಗಿ! ಮಕ್ಕಳು ಜೊತೆಗಿದ್ದರೆ ಇದನ್ನು ತಪ್ಪದೆ ತೋರಿಸಿ.

[ವಿಜಯ ವಿಠ್ಠಲ ದೇವಸ್ಥಾನ.]

ಆಮೇಲೆ ಕಲ್ಲಿನ ರಥ. ಜೇಬಿನಿಂದ 50ರ ಹೊಸ ನೋಟು ತೆಗೆದು, ಪಕ್ಕದಲ್ಲಿ ಹಿಡಿದು ನೋಡಿ. ಅದೇ ರಥ, / ನಿಮ್ಮ ಕಣ್ಣೆದುರು.

[ನೆತ್ತಿಯ ಬಿಸಿಲು. ಕಾದ ಬಂಡೆ.]
(ಇಲ್ಲಿಂದ ಮಾತು ಸ್ವಲ್ಪ ಚುರುಕಾಗಲಿ)

ಹನ್ನೊಂದು ದಾಟಿತು ಅಂದ್ರೆ ಹಂಪಿಯ ಕಲ್ಲು ಕಾಯಲು ಶುರು. ಚಪ್ಪಲಿ ಬಿಟ್ಟು ಗುಡಿಯ ಅಂಗಳದಲ್ಲಿ ನಾಲ್ಕು ಹೆಜ್ಜೆ ಇಡುವುದೂ ಕಷ್ಟ. ಎಲ್ಲ ಒಂದೇ ದಿನದಲ್ಲಿ ಮುಗಿಸಬೇಕು ಅಂತ ಎಷ್ಟೋ ಜನ ಈ ಬಿಸಿಲಲ್ಲೇ ಓಡುತ್ತಾರೆ. ಸಂಜೆಗೆ ಸುಸ್ತು. ಯಾವ ಗುಡಿಯಲ್ಲಿ ಏನು ನೋಡಿದೆವು ಅನ್ನೋದೂ ನೆನಪಿರಲ್ಲ.

ನೀವು ಹಾಗೆ ಮಾಡಬೇಡಿ. / ಮಧ್ಯಾಹ್ನ ನಮ್ಮಲ್ಲಿಗೆ ಬಂದುಬಿಡಿ.

[ಹೋಟೆಲ್ ಅಂಗಳ. ಬಾಳೆತೋಟ. ಮಣ್ಣಿನ ಹೂಜಿ.]

ಹಂಪಿಯಿಂದ ನಾಲ್ಕೇ ಕಿಲೋಮೀಟರ್. ಕಮಲಾಪುರದಲ್ಲಿ, ಬಾಳೆತೋಟದ ಪಕ್ಕ. ಬಂದ ತಕ್ಷಣ ಒಂದು ಲೋಟ ತಣ್ಣನೆ ಮಜ್ಜಿಗೆ. ಮಿಕ್ಕ ಮಾತೆಲ್ಲ ಆಮೇಲೆ.

[ಅಡುಗೆಮನೆ. ಕ್ಯಾಮೆರಾ ಹತ್ತಿರ. ಸಂಗೀತ ನಿಲ್ಲಲಿ, ರೊಟ್ಟಿ ತಟ್ಟುವ ಸದ್ದು ಮಾತ್ರ. ಐದು ಸೆಕೆಂಡ್ ದನಿ ಬೇಡ.]

ಕೇಳಿಸ್ತಾ? /

ಬಿಸಿನೀರಲ್ಲಿ ನಾದಿದ ಜೋಳದ ಹಿಟ್ಟು. ಲಟ್ಟಣಿಗೆ ಇಲ್ಲ, ಎರಡು ಕೈಯೇ ಸಾಕು. ತಟ್ಟುತ್ತಾ ತಟ್ಟುತ್ತಾ ರೊಟ್ಟಿ ತಾನೇ ತಿರುಗುತ್ತದೆ, ಅಗಲ ಆಗುತ್ತದೆ. ಹೆಂಚಿಗೆ ಹಾಕಿ, ಒದ್ದೆ ಬಟ್ಟೆಯಲ್ಲಿ ಮೇಲೆ ನೀರು ಸವರಿ, ತಿರುವಿ ಹಾಕಿ, ಕೆಂಡದ ಮುಂದೆ ನಿಲ್ಲಿಸಿದರೆ / ಪೂರ್ತಿ ಉಬ್ಬುತ್ತದೆ.

ಜೊತೆಗೆ ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಅದರ ಮೇಲೆ ಗಟ್ಟಿ ಮೊಸರು. ಹಸಿ ಈರುಳ್ಳಿ ಕೇಳಬೇಕಾಗಿಲ್ಲ, ತಟ್ಟೆಯಲ್ಲೇ ಇರುತ್ತದೆ.

[ಅಡುಗೆಯ ಅಕ್ಕ ಕ್ಯಾಮೆರಾ ಕಡೆ ನೋಡಿ, ತಮ್ಮದೇ ದನಿಯಲ್ಲಿ: "ಇನ್ನೊಂದು ಹಾಕ್ಲೇನ್ರೀ? ನಾಚ್ಕೋಬ್ಯಾಡ್ರಿ, ಹೊಟ್ಟಿ ತುಂಬ ಉಣ್ರಿ!"]

[ರೂಮು. ಪರದೆ ಎಳೆಯುವ ಕೈ.]
(ದನಿ ತಗ್ಗಲಿ)

ಊಟ ಆಯ್ತು. ಈಗ ಒಂದು ನಿದ್ದೆ. / 24 ರೂಮು. ಎಸಿ ಇದೆ, ಇಡೀ ದಿನ ಬಿಸಿನೀರು ಇದೆ, ಕಾರ್ ನಿಲ್ಲಿಸಲು ನೆರಳಿದೆ. ನಾಲ್ಕು ಗಂಟೆವರೆಗೂ ನಿಮ್ಮನ್ನು ಯಾರೂ ಎಬ್ಬಿಸಲ್ಲ.

[ಸಂಜೆ. ಬಾಣಲೆಯಲ್ಲಿ ಮೆಣಸಿನಕಾಯಿ ಬಜ್ಜಿ.]

ಎದ್ದ ಮೇಲೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಚಹಾ. ಖಾರ ಕಮ್ಮಿ ಬೇಕು ಅಂದ್ರೆ ಹೇಳಿ, ಬೇರೆ ಮಾಡಿಕೊಡುತ್ತೇವೆ.

[ಹೇಮಕೂಟ. ಹೊನ್ನಿನ ಬೆಳಕು. ಸಂಗೀತ ಏರಲಿ.]

ಈಗ ಹೊರಡಿ. ಬಿಸಿಲು ಇಳಿದಿದೆ, ಕಲ್ಲು ತಣ್ಣಗಾಗುತ್ತಿದೆ. ಹೇಮಕೂಟ ಹತ್ತುವುದು ಅಜ್ಜ ಅಜ್ಜಿಗೂ ಅಂಥ ಕಷ್ಟ ಅಲ್ಲ. ಅಲ್ಲಿ ನಿಂತರೆ ವಿರೂಪಾಕ್ಷನ ಗೋಪುರ ಇಲ್ಲೇ, ಕೈಗೆ ಸಿಗುವ ಹಾಗೆ. ಬೆಳಿಗ್ಗೆ ನೋಡಿದ ಹಂಪಿಯೇ, / ಬಣ್ಣ ಮಾತ್ರ ಬೇರೆ.

ಕಮಲ ಮಹಲ್, ಆನೆ ಲಾಯ, ಉಗ್ರನರಸಿಂಹ, ಹರಿಗೋಲಿನ ಸವಾರಿ... ಅವೆಲ್ಲ ನಾಳೆಗಿರಲಿ. ಎರಡು ದಿನ ಇಟ್ಟುಕೊಂಡೇ ಬನ್ನಿ.

[ಹೊಸಪೇಟೆ ರೈಲ್ವೇ ಸ್ಟೇಷನ್. ನಂತರ ಹೋಟೆಲ್ ಬೋರ್ಡ್, ಫೋನ್ ನಂಬರ್.]
(ನಗುಮೊಗದ ದನಿ)

ರಾತ್ರಿ ಬೆಂಗಳೂರಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಹೊಸಪೇಟೆ. ಸ್ಟೇಷನ್‌ಗೆ ನಮ್ಮ ಗಾಡಿ ಬಂದಿರುತ್ತದೆ. ಹೊರಡುವ ಮುಂಚೆ ಒಂದು ಫೋನ್ ಮಾಡಿ. ಜೊತೆಗೆ ಹಿರಿಯರು ಬರ್ತಾ ಇದ್ದರೆ ಆಗಲೇ ಹೇಳಿಬಿಡಿ, / ಮೆಟ್ಟಿಲು ಹತ್ತದ ಹಾಗೆ ಕೆಳಗಿನ ರೂಮೇ ಅವರಿಗೆ ಇಟ್ಟಿರುತ್ತೇವೆ.